ಅಲ್ಲಾಡಿದ್ದು ನಕ್ಷತ್ರವೇ ಅಂತ ಹೇಗೆ ಗೊತ್ತಾಯ್ತು?

ಪಂಚಾಂಗ ನೋಡುವವರಿಗೆಲ್ಲ ಪೂರ್ವಾಭಾದ್ರ, ಉತ್ತರಾಭಾದ್ರ ಎಂಬ ಹೆಸರುಗಳು ಗೊತ್ತು. ಆದರೆ ಅವನ್ನು ಆಕಾಶದಲ್ಲಿ ನೋಡಿದವರು ಕಡಿಮೆ. ಕಾರ್ತಿಕ ಮಾಸದಲ್ಲಿ ರಾತ್ರಿ ಎಂಟು ಗಂಟೆಯ ಹೊತ್ತಿಗೆ ಹೊರಗೆ ಬಂದು ನೆತ್ತಿ ನೋಡಿ. ನಾಲ್ಕು ನಕ್ಷತ್ರಗಳ ಒಂದು ದೊಡ್ಡ ಚೌಕ ಕಾಣುತ್ತದೆ. ಅದರ ಪಶ್ಚಿಮದ ಎರಡು ಮೂಲೆ ಪೂರ್ವಾಭಾದ್ರ, ಪೂರ್ವದ ಎರಡು ಮೂಲೆ ಉತ್ತರಾಭಾದ್ರ. ಪೂರ್ವಾಭಾದ್ರದ ಆ ಎರಡು ನಕ್ಷತ್ರಗಳ ನಡುಮಧ್ಯಕ್ಕೆ ಬನ್ನಿ. ಅಲ್ಲಿಂದ ಚೌಕದ ಹೊರಗೆ, ಪಶ್ಚಿಮಕ್ಕೆ, ಮೂರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಡುವಷ್ಟು ದೂರ ಸರಿಯಿರಿ. ಅಲ್ಲಿ ಒಂದು ಮಂಕು ಚುಕ್ಕಿ ಇದೆ. ಬೆಂಗಳೂರಿನಿಂದ ಕಾಣುವುದಿಲ್ಲ. ಊರ ದೀಪ ಇಲ್ಲದ ಕಡೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಕಷ್ಟಪಟ್ಟರೆ ಬರಿಗಣ್ಣಿಗೇ ಸಿಗುತ್ತದೆ. ಅದರ ಹೆಸರು 51 ಪೆಗಾಸಿ. ನಮ್ಮಿಂದ ಸುಮಾರು 50 ಜ್ಯೋತಿರ್ವರ್ಷ ದೂರ, ನಮ್ಮ ಸೂರ್ಯನ ಜಾತಿಯದೇ.

ಈ ನಕ್ಷತ್ರದ ಸುತ್ತ ಒಂದು ಗ್ರಹ ಇದೆ ಎಂದು 1995ರಲ್ಲಿ ಗೊತ್ತಾಯಿತು. ಸೂರ್ಯನಂಥ ನಕ್ಷತ್ರವೊಂದಕ್ಕೆ ಗ್ರಹ ಇದೆ ಎಂದು ಖಚಿತವಾದದ್ದು ಅದೇ ಮೊದಲು. ಆದರೆ ಕಂಡುಹಿಡಿದವರು ಗ್ರಹವನ್ನು ನೋಡಲೇ ಇಲ್ಲ. ಅವರು ನೋಡಿದ್ದು ನಕ್ಷತ್ರವನ್ನು. ಅದು ತುಸು ಅಲ್ಲಾಡುತ್ತಿತ್ತು. ಇಷ್ಟನ್ನು ನೀವು ಎಲ್ಲಾದರೂ ಓದಿರುತ್ತೀರಿ. ನನ್ನನ್ನು ಬಹಳ ದಿನ ಕಾಡಿದ್ದು ಇದರ ಮುಂದಿನ ಪ್ರಶ್ನೆ. ಅಲ್ಲಾಡಿದ್ದು ನಕ್ಷತ್ರವೇ ಅಂತ ಅವರಿಗೆ ಹೇಗೆ ಗೊತ್ತಾಯಿತು? ಯಂತ್ರ ಅಲ್ಲಾಡಿರಬಹುದು. ನಾವು ನಿಂತಿರುವ ಭೂಮಿಯಂತೂ ಸದಾ ಅಲ್ಲಾಡುತ್ತಲೇ ಇದೆ. ನಕ್ಷತ್ರ ನಿಂತಲ್ಲೇ ಇದ್ದು ಅದರ ಮೈ ಮಾತ್ರ ಅದುರಿರಬಹುದು. ಇವತ್ತು ಈ ಮೂರು ಅನುಮಾನಗಳ ಬೆನ್ನು ಹತ್ತಿ ಹೋಗೋಣ.

ಮೊದಲು ನಕ್ಷತ್ರ ಯಾಕೆ ಅಲ್ಲಾಡಬೇಕು ಅನ್ನೋದು. ಪುಟ್ಟ ಮಗುವಿನ ಎರಡೂ ಕೈ ಹಿಡಿದು ಗಿರಗಿರ ತಿರುಗಿಸಿದ್ದೀರಲ್ವಾ? ಮಗು ದೊಡ್ಡ ಸುತ್ತು ಹಾಕುತ್ತದೆ. ಆದರೆ ನೀವೂ ಸುಮ್ನೆ ನೆಟ್ಟಗೆ ನಿಂತಿರುವುದಿಲ್ಲ. ಸ್ವಲ್ಪ ಹಿಂದಕ್ಕೆ ವಾಲಿ, ನಿಮ್ಮ ಪಾದಗಳೂ ಒಂದು ಚಿಕ್ಕ ಸುತ್ತು ಹಾಕುತ್ತವೆ. ಇಬ್ಬರ ನಡುವೆ ಎಲ್ಲೋ ಒಂದು ಬಿಂದು ಇದೆ, ಇಬ್ಬರೂ ಅದನ್ನೇ ಸುತ್ತುತ್ತೀರಿ. ನೀವು ಭಾರ, ಹಾಗಾಗಿ ಆ ಬಿಂದು ನಿಮ್ಮ ಹತ್ತಿರ. ನಕ್ಷತ್ರ ಮತ್ತು ಗ್ರಹದ ಕಥೆಯೂ ಇದೇ. ಮಗು ಕತ್ತಲಲ್ಲಿ ಕಾಣದಿದ್ದರೂ ನಿಮ್ಮ ಪಾದ ನೋಡಿ ಮಗು ಎಷ್ಟು ಭಾರ ಎಂದು ಹೇಳಬಹುದು.

ಆ ಪಾದದ ಸುತ್ತು ಎಷ್ಟು ಚಿಕ್ಕದು ಎಂದು ನೋಡಿ. 51 ಪೆಗಾಸಿಯ ಅಡ್ಡಳತೆ ಸುಮಾರು 16 ಲಕ್ಷ ಕಿಲೋಮೀಟರ್. ಅಷ್ಟು ದೊಡ್ಡ ಬೆಂಕಿಯ ಗೋಳ ಹಾಕುವ ಸುತ್ತಿನ ತ್ರಿಜ್ಯ ಸುಮಾರು 3,400 ಕಿಲೋಮೀಟರ್. ಕಾಶ್ಮೀರದಿಂದ ಕನ್ಯಾಕುಮಾರಿಗೆ ಇರುವಷ್ಟು. 50 ಜ್ಯೋತಿರ್ವರ್ಷ ದೂರದಿಂದ ಇಷ್ಟು ಚಿಕ್ಕ ಪಕ್ಕಕ್ಕೆ ಸರಿಯುವಿಕೆ ಯಾವ ದೂರದರ್ಶಕಕ್ಕೂ ಕಾಣಲಿಲ್ಲ. ಆದ್ದರಿಂದ ಅವರು ಪಕ್ಕಕ್ಕೆ ಸರಿಯುವುದನ್ನು ನೋಡಲಿಲ್ಲ. ನಮ್ಮ ಕಡೆಗೆ ಬರುವುದು, ನಮ್ಮಿಂದ ದೂರ ಹೋಗುವುದು, ಅದರ ವೇಗವನ್ನು ಮಾತ್ರ ಅಳೆದರು. ವೇಗ ಅಳೆಯಲು ದೂರ ಅಡ್ಡಿಯಲ್ಲ. ಬೆಳಕು ಸಾಕಷ್ಟು ಬಂದರೆ ಆಯಿತು.

ರೈಲಿನ ಸೀಟಿಯ ಉದಾಹರಣೆಯನ್ನು ನೀವು ಶಾಲೆಯಲ್ಲೇ ಕೇಳಿದ್ದೀರಿ. ರೈಲು ಹತ್ತಿರ ಬರುವಾಗ ಸೀಟಿಯ ಸ್ವರ ಏರಿರುತ್ತದೆ, ದೂರ ಹೋಗುವಾಗ ಇಳಿಯುತ್ತದೆ. ಬೆಳಕಿನಲ್ಲೂ ಹಾಗೆಯೇ. ನಕ್ಷತ್ರದ ಬೆಳಕನ್ನು ಬಣ್ಣದ ಪಟ್ಟಿಯಾಗಿ ಹರಡಿದರೆ ಅದರಲ್ಲಿ ಸಾವಿರಾರು ಸಣ್ಣ ಕಪ್ಪು ಗೆರೆಗಳಿರುತ್ತವೆ. ನಕ್ಷತ್ರದ ಮೇಲ್ಪದರದಲ್ಲಿರುವ ಕಬ್ಬಿಣ, ಕ್ಯಾಲ್ಸಿಯಂ ಮೊದಲಾದವು ತಮ್ಮ ತಮ್ಮ ಬಣ್ಣವನ್ನು ನುಂಗಿ ಉಳಿಸಿದ ಗುರುತುಗಳು. ನಕ್ಷತ್ರ ನಮ್ಮ ಕಡೆ ಬಂದರೆ ಎಲ್ಲ ಗೆರೆಗಳೂ ನೀಲಿ ಕಡೆಗೆ, ದೂರ ಹೋದರೆ ಕೆಂಪು ಕಡೆಗೆ ಸರಿಯುತ್ತವೆ.

ಎಷ್ಟು ಸರಿಯುತ್ತವೆ ಅನ್ನೋದರಲ್ಲೇ ಕಷ್ಟವೆಲ್ಲ ಇರುವುದು. 51 ಪೆಗಾಸಿಯ ಓಲಾಟದ ವೇಗ ಸೆಕೆಂಡಿಗೆ 59 ಮೀಟರ್ ಎಂದು ಮೊದಲ ಅಳತೆ ಹೇಳಿತು. ಗಂಟೆಗೆ 212 ಕಿಲೋಮೀಟರ್. ನಮಗೆ ಅದು ಜೋರು, ಬೆಳಕಿಗೆ ಅದು ಏನೂ ಅಲ್ಲ. ಬೆಳಕಿನ ವೇಗದ ಐವತ್ತು ಲಕ್ಷದಲ್ಲಿ ಒಂದು ಪಾಲು. ಇನ್ನು ಆ ಕಪ್ಪು ಗೆರೆ ಕೂದಲೆಳೆಯ ಹಾಗೆ ಚೂಪಾಗಿಯೂ ಇಲ್ಲ. ಅದಕ್ಕೆ ತನ್ನದೇ ಅಗಲ ಇದೆ. ಒಂದು ಗೆರೆಯನ್ನು ಒಂದು ಮೀಟರ್ ಅಗಲಕ್ಕೆ ಹಿಗ್ಗಿಸಿ ಗೋಡೆಯ ಮೇಲೆ ಬರೆದಿದ್ದೀರಿ ಅಂದುಕೊಳ್ಳಿ. ಅಂಚು ಮಸುಕು ಮಸುಕಾದ ಒಂದು ಮೀಟರ್ ಪಟ್ಟೆ. ಇವತ್ತಿಗೂ ಎರಡು ದಿನ ಬಿಟ್ಟು ನೋಡಿದ್ದಕ್ಕೂ ಅದು ಸರಿದದ್ದು ಒಂದೆರಡು ಸೆಂಟಿಮೀಟರ್ ಒಳಗೆ. ಒಂದೇ ಗೆರೆ ನೋಡಿ ಇದನ್ನು ಹೇಳುವುದು ಆಗದ ಮಾತು.

ಆದರೆ ಗೆರೆ ಒಂದಲ್ಲ, ಐದು ಸಾವಿರ. ಎಲ್ಲವೂ ಒಟ್ಟಿಗೇ ಸರಿಯುತ್ತವೆ. ಇಲ್ಲಿ ಬಳಸಿದ ಉಪಾಯ ನನಗೆ ಬಹಳ ಇಷ್ಟ. ಮನೆ ಮುಂದೆ ಅಚ್ಚಿನಲ್ಲಿ ರಂಗೋಲಿ ಹಾಕುತ್ತೀರಲ್ಲ, ತೂತುಗಳಿರುವ ತಗಡು, ಅಂಥದ್ದೇ ಒಂದು ಅಚ್ಚು. ಸೂರ್ಯನಂಥ ನಕ್ಷತ್ರದಲ್ಲಿ ಎಲ್ಲೆಲ್ಲಿ ಕಪ್ಪು ಗೆರೆ ಇರಬೇಕೋ ಅಲ್ಲಲ್ಲಿ ಮಾತ್ರ ತೂತು. ಈ ಅಚ್ಚನ್ನು ಬಣ್ಣದ ಪಟ್ಟಿಯ ಮೇಲಿಟ್ಟು ಮೆಲ್ಲಗೆ ಎಡಕ್ಕೆ ಬಲಕ್ಕೆ ಜಾರಿಸುತ್ತಾ ತೂತುಗಳ ಮೂಲಕ ಬರುವ ಒಟ್ಟು ಬೆಳಕನ್ನು ಅಳೆಯಬೇಕು. ಎಲ್ಲ ತೂತುಗಳೂ ಎಲ್ಲ ಗೆರೆಗಳ ಮೇಲೆ ಸರಿಯಾಗಿ ಕೂತ ಜಾಗದಲ್ಲಿ ಬೆಳಕು ಅತಿ ಕಡಿಮೆ. ಅಚ್ಚನ್ನು ಎಷ್ಟು ಜಾರಿಸಿದಾಗ ಹೀಗಾಯಿತೋ ಅದೇ ನಕ್ಷತ್ರದ ವೇಗ. ಸ್ವಿಟ್ಜರ್ಲೆಂಡಿನ ಮಿಷೆಲ್ ಮೇಯರ್ 1970ರ ದಶಕದಲ್ಲಿ ಕೊರಾವೆಲ್ ಎಂಬ ಯಂತ್ರದಲ್ಲಿ ನಿಜವಾದ ತೂತುಪಟ್ಟಿಯನ್ನೇ ಇಟ್ಟಿದ್ದರು. ನಂತರ ಬಂದ ಎಲೋಡಿ ಎಂಬ ಸ್ಪೆಕ್ಟ್ರೋಗ್ರಾಫ್‌ನಲ್ಲಿ, ಅಂದರೆ ಬೆಳಕನ್ನು ಬಣ್ಣದ ಪಟ್ಟಿಯಾಗಿ ಹರಡಿ ದಾಖಲಿಸುವ ಯಂತ್ರದಲ್ಲಿ, ಇದೇ ಕೆಲಸವನ್ನು ಕಂಪ್ಯೂಟರ್ ಲೆಕ್ಕದಲ್ಲಿ ಮಾಡಿತು. ಐದು ಸಾವಿರ ಗೆರೆಗಳ ಸಾಕ್ಷಿ ಒಂದಾಗಿ ಸೇರಿದಾಗ ಅಳತೆಯ ನಿಖರತೆ ಸುಮಾರು ಎಪ್ಪತ್ತು ಪಟ್ಟು ಹೆಚ್ಚುತ್ತದೆ.

ಈಗ ಮೊದಲ ಅನುಮಾನಕ್ಕೆ ಬರೋಣ, ಯಂತ್ರ. ಸ್ಪೆಕ್ಟ್ರೋಗ್ರಾಫ್ ಒಳಗೆ ಗಾಳಿ ಇದೆ. ಗಾಳಿ ಬೆಳಕನ್ನು ತುಸು ನಿಧಾನ ಮಾಡುತ್ತದೆ, ಒತ್ತಡ ಬದಲಾದರೆ ಎಷ್ಟು ನಿಧಾನ ಎನ್ನುವುದೂ ಬದಲಾಗುತ್ತದೆ. ಒಂದು ಮಿಲಿಬಾರ್ ಒತ್ತಡ ವ್ಯತ್ಯಾಸವಾದರೆ ಸಾಕು, ಗೆರೆಗಳು ಸೆಕೆಂಡಿಗೆ ಸುಮಾರು 80 ಮೀಟರ್ ವೇಗಕ್ಕೆ ಸಮನಾಗಿ ಸರಿದುಬಿಡುತ್ತವೆ. ನಮ್ಮ ಊರಿನಲ್ಲಿ ಬೆಳಗ್ಗೆ ಹತ್ತಕ್ಕೂ ಮಧ್ಯಾಹ್ನ ನಾಲ್ಕಕ್ಕೂ ಒತ್ತಡ ಇದಕ್ಕಿಂತ ಜಾಸ್ತಿ ಏರಿಳಿಯುತ್ತದೆ. ಅಂದರೆ ಸುಮ್ನೆ ಹವಾಮಾನವೇ ಗ್ರಹಕ್ಕಿಂತ ದೊಡ್ಡ ಓಲಾಟ ತೋರಿಸಬಲ್ಲದು!

ಪರಿಹಾರ ಹೀಗಿತ್ತು. ದೂರದರ್ಶಕದಿಂದ ಯಂತ್ರಕ್ಕೆ ಎರಡು ಆಪ್ಟಿಕಲ್ ಫೈಬರ್ ಎಳೆದರು. ಒಂದರಲ್ಲಿ ನಕ್ಷತ್ರದ ಬೆಳಕು, ಇನ್ನೊಂದರಲ್ಲಿ ಅದೇ ಹೊತ್ತಿಗೆ ಥೋರಿಯಂ ಲೋಹ ಬಳಸಿದ ದೀಪದ ಬೆಳಕು. ಆ ದೀಪದ ಗೆರೆಗಳು ಎಲ್ಲಿರಬೇಕು ಎಂದು ಪ್ರಯೋಗಾಲಯದಲ್ಲಿ ಖಚಿತವಾಗಿ ಗೊತ್ತು, ದೀಪ ಅಲ್ಲಾಡುವುದೂ ಇಲ್ಲ. ಯಂತ್ರ ಸರಿದರೆ ಎರಡೂ ಬೆಳಕಿನ ಗೆರೆಗಳು ಸರಿಯುತ್ತವೆ. ನಕ್ಷತ್ರ ಸರಿದರೆ ಒಂದರದ್ದು ಮಾತ್ರ. ಒಂದರಿಂದ ಇನ್ನೊಂದನ್ನು ಕಳೆದರೆ ಯಂತ್ರದ ದೋಷ ಹೊರಟುಹೋಗುತ್ತದೆ. 2003ರಲ್ಲಿ ಚಿಲಿ ದೇಶದ ಲಾ ಸಿಯಾದಲ್ಲಿ ಶುರುವಾದ ಹಾರ್ಪ್ಸ್ ಯಂತ್ರದಲ್ಲಿ ಗಾಳಿಯ ಕಾಟವೇ ಬೇಡ ಎಂದು ಇಡೀ ಸ್ಪೆಕ್ಟ್ರೋಗ್ರಾಫನ್ನು ನಿರ್ವಾತದ ತೊಟ್ಟಿಯೊಳಗೆ ಕೂರಿಸಿದರು. ನಮ್ಮ ದೇಶದಲ್ಲೇ ಮೌಂಟ್ ಅಬುವಿನಲ್ಲಿ ಅಹಮದಾಬಾದಿನ ಭೌತ ಸಂಶೋಧನಾಲಯದವರು ನಡೆಸುವ ಪಾರಸ್ ಯಂತ್ರವೂ ಹಾಗೆಯೇ, ನಿರ್ವಾತದ ತೊಟ್ಟಿ ಮತ್ತು ಥೋರಿಯಂ ದೀಪ.

ಎರಡನೆಯ ಅನುಮಾನ ಭೂಮಿ. ನಾವು ಸೂರ್ಯನನ್ನು ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿದ್ದೇವೆ. ಹುಡುಕುತ್ತಿರುವ ಓಲಾಟದ ಐನೂರು ಪಟ್ಟು. ಅದರ ಮೇಲೆ ಭೂಮಿ ತನ್ನ ಸುತ್ತ ತಿರುಗುವುದು ಬೇರೆ. ಅದೃಷ್ಟಕ್ಕೆ ಗ್ರಹಗಳ ಚಲನೆಯ ಲೆಕ್ಕ ಬಹಳ ಚೆನ್ನಾಗಿ ಗೊತ್ತಿರುವುದರಿಂದ ಇದನ್ನು ಕಳೆಯಬಹುದು. ಆದರೆ ಗಡಿಯಾರ ಸರಿ ಇರಬೇಕು. ನಕ್ಷತ್ರದ ಬೆಳಕನ್ನು ಅರ್ಧ ಗಂಟೆ ಕೂಡಿಸಿದಿರಿ ಅಂದುಕೊಳ್ಳಿ. ಆ ಅರ್ಧ ಗಂಟೆಯಲ್ಲೇ ಭೂಮಿಯ ವೇಗ ಬದಲಾಗಿರುತ್ತದೆ. ಯಾವ ಕ್ಷಣದ ವೇಗ ಕಳೆಯಬೇಕು? ನಡುವಿನ ಕ್ಷಣದ್ದು. ಆದರೆ ಮೊದಲ ಹತ್ತು ನಿಮಿಷ ಮೋಡ ಅಡ್ಡ ಬಂದರೆ ಬೆಳಕೆಲ್ಲ ಕೊನೆಯಲ್ಲಿ ಬಂದಿರುತ್ತದೆ, ನಡುವಿನ ಕ್ಷಣ ಮುಂದಕ್ಕೆ ಹೋಗುತ್ತದೆ. ಒಂದು ನಿಮಿಷ ತಪ್ಪಿದರೂ ಸೆಕೆಂಡಿಗೆ ಒಂದೂವರೆ ಮೀಟರಿನಷ್ಟು ತಪ್ಪು ಬರಬಹುದು. ಅದಕ್ಕೇ ಈಗಿನ ಯಂತ್ರಗಳಲ್ಲಿ ಬೆಳಕು ಯಾವ ಹೊತ್ತಿಗೆ ಎಷ್ಟು ಬಂತು ಎಂದು ಲೆಕ್ಕ ಇಡುವ ಪುಟ್ಟ ಮೀಟರ್ ಒಂದು ಪಕ್ಕದಲ್ಲೇ ಕೆಲಸ ಮಾಡುತ್ತಿರುತ್ತದೆ.

ಇನ್ನು ಕಥೆಗೆ ಬರೋಣ. ಎಲೋಡಿ ಇದ್ದದ್ದು ದಕ್ಷಿಣ ಫ್ರಾನ್ಸಿನ ಓಟ್ ಪ್ರೋವಾನ್ಸ್ ವೀಕ್ಷಣಾಲಯದಲ್ಲಿ, 1.93 ಮೀಟರ್ ದೂರದರ್ಶಕದ ಜೊತೆ. 1994ರಲ್ಲಿ ಮೇಯರ್ ಮತ್ತು ಅವರ ವಿದ್ಯಾರ್ಥಿ ಡಿಡಿಯೆ ಕೆಲೋಜ್ 142 ನಕ್ಷತ್ರಗಳ ಪಟ್ಟಿ ಇಟ್ಟುಕೊಂಡು ಹುಡುಕಾಟ ಶುರು ಮಾಡಿದರು. ಮುಂದಿನ ಚಳಿಗಾಲದಲ್ಲಿ ಮೇಯರ್ ಹವಾಯಿಯಲ್ಲಿದ್ದರು. ಯಂತ್ರ ನೋಡಿಕೊಳ್ಳುತ್ತಿದ್ದವರು ಕೆಲೋಜ್. 51 ಪೆಗಾಸಿಯ ವೇಗ ಪ್ರತಿ ಸಲ ಬೇರೆ ಬೇರೆ ಬರುತ್ತಿತ್ತು. ಅವರಿಗೆ ಮೊದಲು ಬಂದ ಯೋಚನೆ ಗ್ರಹದ್ದಲ್ಲ. ತಾನು ಬರೆದ ಪ್ರೋಗ್ರಾಮಿನಲ್ಲೇ ಎಲ್ಲೋ ತಪ್ಪಿದೆ ಎಂದು ಅವರು ಗಾಬರಿಯಾದರು. ಬೇರೆ ನಕ್ಷತ್ರಗಳನ್ನು ನೋಡಿದರೆ ಅವು ಸ್ಥಿರವಾಗಿದ್ದವು. ಯಂತ್ರದ್ದೋ ಪ್ರೋಗ್ರಾಮಿನದ್ದೋ ತಪ್ಪಾಗಿದ್ದರೆ ಅವೂ ಅಲ್ಲಾಡಬೇಕಿತ್ತಲ್ವಾ?

ಏರಿಳಿತ 4.23 ದಿನಕ್ಕೊಮ್ಮೆ ಮರುಕಳಿಸುತ್ತಿತ್ತು. ಇದೇ ಎಲ್ಲರಿಗೂ ನುಂಗಲಾಗದ ತುತ್ತು. ನಮ್ಮ ಗುರುಗ್ರಹ ಸೂರ್ಯನನ್ನು ಸುತ್ತಲು ಸುಮಾರು 12 ವರ್ಷ ಬೇಕು. ದೊಡ್ಡ ಗ್ರಹಗಳು ಹಾಗೆಯೇ ದೂರದಲ್ಲಿರುತ್ತವೆ ಎಂದು ಎಲ್ಲರೂ ನಂಬಿದ್ದರು. ಕೆನಡಾದ ಬ್ರೂಸ್ ಕ್ಯಾಂಪ್‌ಬೆಲ್ ಮತ್ತು ಗೋರ್ಡನ್ ವಾಕರ್ 1980ರ ದಶಕದಿಂದ ವರ್ಷಗಟ್ಟಲೆ ತಾಳ್ಮೆಯಿಂದ ಸುಮಾರು ಇಪ್ಪತ್ತು ನಕ್ಷತ್ರಗಳನ್ನು ಕಾಯ್ದಿದ್ದರು. ಅವರ ಪಟ್ಟಿಯಲ್ಲಿ ಇಂಥದ್ದು ಒಂದೂ ಇರಲಿಲ್ಲ. ಅವರ ಶ್ರಮ ನೆನೆದಾಗಲೆಲ್ಲ ನನಗೆ ಮನಸ್ಸು ಭಾರವಾಗುತ್ತದೆ.

1995ರ ಮಾರ್ಚ್ ಹೊತ್ತಿಗೆ 51 ಪೆಗಾಸಿ ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಮೇಯರ್, ಕೆಲೋಜ್ ಇಬ್ಬರೂ ಅವಸರ ಮಾಡಲಿಲ್ಲ. ಜುಲೈಯಲ್ಲಿ ನಕ್ಷತ್ರ ಮತ್ತೆ ಕಾಣಿಸಿಕೊಳ್ಳುತ್ತದೆ, ಆಗ ಯಾವ ರಾತ್ರಿ ಎಷ್ಟು ವೇಗ ಇರಬೇಕು ಎಂದು ಮೊದಲೇ ಲೆಕ್ಕ ಹಾಕಿಟ್ಟರು. ಜುಲೈಯ ರಾತ್ರಿಗಳಲ್ಲಿ ಅಳೆದಾಗ ವೇಗ ಹೇಳಿದ ಜಾಗಕ್ಕೇ ಬಂದು ಕೂತಿತು. ತಿಂಗಳುಗಟ್ಟಲೆ ಮರೆಯಾಗಿದ್ದರೂ ಒಂದು ಸುತ್ತೂ ತಪ್ಪಿರಲಿಲ್ಲ. ಅಕ್ಟೋಬರ್ 6ರಂದು ಇಟಲಿಯ ಫ್ಲಾರೆನ್ಸಿನಲ್ಲಿ ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಅಮೆರಿಕದ ಲಿಕ್ ವೀಕ್ಷಣಾಲಯದಲ್ಲಿ ಜೆಫ್ ಮಾರ್ಸಿ ಮತ್ತು ಪಾಲ್ ಬಟ್ಲರ್ ಅದೇ ಏರಿಳಿತ ಕಂಡರು. ಅವರದು ಬೇರೆಯೇ ಪದ್ಧತಿ. ಥೋರಿಯಂ ದೀಪದ ಬದಲು ನಕ್ಷತ್ರದ ಬೆಳಕನ್ನು ಅಯೋಡಿನ್ ಆವಿ ತುಂಬಿದ ಗಾಜಿನ ಡಬ್ಬಿಯ ಮೂಲಕ ಹಾಯಿಸಿ ಆ ಗೆರೆಗಳನ್ನೇ ಅಳತೆಗೋಲು ಮಾಡಿಕೊಳ್ಳುವುದು. ಯಂತ್ರ ಬೇರೆ, ಖಂಡ ಬೇರೆ, ಉತ್ತರ ಒಂದೇ. ಮೊದಲೆರಡು ಅನುಮಾನ ಅಲ್ಲಿಗೆ ತೀರಿತು.

ಇಷ್ಟರಿಂದ ಗ್ರಹದ ತೂಕ ಹೇಗೆ ಬರುತ್ತದೆ ಎಂದು ನೋಡೋಣ. ಕಷ್ಟದ ಗಣಿತವಿಲ್ಲ. ಈ ನಕ್ಷತ್ರ ಸೂರ್ಯನ 1.1 ಪಟ್ಟು ಭಾರ ಎಂದು ಅದರ ಬೆಳಕಿನಿಂದ ಗೊತ್ತು. ಅಂಥದ್ದನ್ನು 4.23 ದಿನದಲ್ಲಿ ಸುತ್ತಬೇಕಾದರೆ ಗ್ರಹ ಎಷ್ಟು ದೂರ ಇರಬೇಕು ಎಂದು ಕೆಪ್ಲರ್ ನಿಯಮ ಹೇಳುತ್ತದೆ: ಸುಮಾರು 78 ಲಕ್ಷ ಕಿಲೋಮೀಟರ್. ನಮ್ಮ ಬುಧ ಸೂರ್ಯನಿಂದ 5.8 ಕೋಟಿ ಕಿಲೋಮೀಟರ್ ದೂರ ಇದೆ, ಹೋಲಿಸಿ ನೋಡಿ. ಆ ದೂರದ ಸುತ್ತನ್ನು 4.23 ದಿನದಲ್ಲಿ ಮುಗಿಸಲು ಗ್ರಹ ಸೆಕೆಂಡಿಗೆ 134 ಕಿಲೋಮೀಟರ್ ಓಡಬೇಕು. ನಕ್ಷತ್ರ ಓಡುವುದು 59 ಮೀಟರ್. ಭಾರ ಮತ್ತು ವೇಗ ಗುಣಿಸಿದರೆ ಇಬ್ಬರಿಗೂ ಒಂದೇ ಬರಬೇಕು, ಮಗು ತಿರುಗಿಸುವ ಹಾಗೆಯೇ. ಅಂದರೆ ಗ್ರಹ ಎಷ್ಟು ಪಟ್ಟು ಜೋರೋ ಅಷ್ಟೇ ಪಟ್ಟು ಹಗುರ. 134 ಕಿಲೋಮೀಟರನ್ನು 59 ಮೀಟರಿನಿಂದ ಭಾಗಿಸಿದರೆ ಸುಮಾರು 2,270. ನಕ್ಷತ್ರ ನಮ್ಮ ಗುರುವಿನ 1,150 ಪಟ್ಟು ಭಾರ. ಅದನ್ನು 2,270ರಿಂದ ಭಾಗಿಸಿ. ಅರ್ಧ ಗುರು!

ಆದರೆ ಇಲ್ಲೊಂದು ತೊಡಕು. ಗಾಣ ಸುತ್ತುವ ಎತ್ತನ್ನು ನೆನೆಸಿಕೊಳ್ಳಿ. ಪಕ್ಕದಲ್ಲಿ ನಿಂತು ನೋಡಿದರೆ ಅದು ನಿಮ್ಮ ಕಡೆ ಬರುತ್ತದೆ, ದೂರ ಹೋಗುತ್ತದೆ. ಮರ ಹತ್ತಿ ನೇರ ಮೇಲಿನಿಂದ ನೋಡಿದರೆ ಬರುವುದೂ ಇಲ್ಲ, ಹೋಗುವುದೂ ಇಲ್ಲ. ನಮಗೆ ಸಿಗುವುದು ನಮ್ಮ ಕಡೆಗಿರುವ ವೇಗದ ಪಾಲು ಮಾತ್ರ. ಸುತ್ತು ಓರೆಯಾಗಿದ್ದರೆ ನಿಜವಾದ ವೇಗ ಇನ್ನೂ ಜಾಸ್ತಿ, ಗ್ರಹವೂ ಇನ್ನೂ ಭಾರ. ಹಾಗಾಗಿ ಈ ವಿಧಾನ ಕೊಡುವುದು ಕನಿಷ್ಠ ತೂಕ. ಗ್ರಹ ಇದಕ್ಕಿಂತ ಹಗುರ ಅಲ್ಲ ಅಂತ ಹೇಳಬಹುದು, ಇಷ್ಟೇ ಅಂತ ಹೇಳುವ ಹಾಗಿಲ್ಲ. 51 ಪೆಗಾಸಿಯಲ್ಲಿ ಈ ತೊಡಕು ಬಿಡಿಸಿಕೊಳ್ಳಲು 2013ರವರೆಗೆ ಕಾಯಬೇಕಾಯಿತು. ಆಗ ನಕ್ಷತ್ರದ ಬೆಳಕಿನೊಳಗೆ ಬೆರೆತಿದ್ದ ಗ್ರಹದ್ದೇ ಗಾಳಿಯ ಗೆರೆಗಳು, ಇಂಗಾಲದ ಮೊನಾಕ್ಸೈಡಿನವು, ಸಿಕ್ಕವು. ಅವುಗಳ ವೇಗ ಸೆಕೆಂಡಿಗೆ 134 ಕಿಲೋಮೀಟರಿನ ಹತ್ತಿರ. ನಾವು ಎತ್ತನ್ನು ಹೆಚ್ಚುಕಡಿಮೆ ಪಕ್ಕದಿಂದಲೇ ನೋಡುತ್ತಿದ್ದೇವೆ ಎಂದಾಯಿತು. ತೂಕ ಅರ್ಧ ಗುರುವಿನಷ್ಟೇ.

ಉಳಿದದ್ದು ಮೂರನೆಯ ಅನುಮಾನ, ಮೂರರಲ್ಲೂ ಕಠಿಣವಾದದ್ದು. 1997ರಲ್ಲಿ ಕೆನಡಾದ ಡೇವಿಡ್ ಗ್ರೇ ಎಂಬ ವಿಜ್ಞಾನಿ ಒಂದು ಆಕ್ಷೇಪ ಎತ್ತಿದರು. ನಕ್ಷತ್ರ ಇಡಿಯಾಗಿ ಸರಿದರೆ ಗೆರೆಯೂ ಇಡಿಯಾಗಿ ಸರಿಯಬೇಕು, ಅದರ ಆಕಾರ ಬದಲಾಗಬಾರದು. ಆದರೆ 51 ಪೆಗಾಸಿಯ ಗೆರೆಯ ಆಕಾರವೇ 4.23 ದಿನಕ್ಕೊಮ್ಮೆ ಸೊಟ್ಟಗಾಗುತ್ತಿದೆ, ಹಾಗಾಗಿ ಅದುರುತ್ತಿರುವುದು ನಕ್ಷತ್ರದ ಮೈ, ಗ್ರಹ ಇಲ್ಲ ಎಂದರು. ಕೇಳಿದ್ದು ಸರಿಯಾದ ಪ್ರಶ್ನೆ. ಮತ್ತೆ ಹೆಚ್ಚು ಚೆನ್ನಾಗಿ ಅಳೆದಾಗ ಆಕಾರ ಬದಲಾಗುತ್ತಿಲ್ಲ ಎಂದು ಕಂಡಿತು. ಮರುವರ್ಷ ಅವರೇ ಅದನ್ನು ಒಪ್ಪಿ ಪ್ರಕಟಿಸಿದರು. ವಿಜ್ಞಾನಿಯೊಬ್ಬರು ಹೀಗೆ ನಡೆದುಕೊಂಡದ್ದು ನನಗೆ ಆ ಗ್ರಹದಷ್ಟೇ ದೊಡ್ಡದಾಗಿ ಕಾಣುತ್ತದೆ.

ಅವರ ಪರೀಕ್ಷೆ ಎಷ್ಟು ಬೇಕಾದದ್ದು ಎಂದು 2001ರಲ್ಲಿ ತಿಳಿಯಿತು. ಅದೇ ಎಲೋಡಿಯಲ್ಲಿ HD 166435 ಎಂಬ ನಕ್ಷತ್ರ 3.8 ದಿನಕ್ಕೊಮ್ಮೆ ಚೆನ್ನಾಗಿ ಓಲಾಡುತ್ತಿತ್ತು, 51 ಪೆಗಾಸಿಗಿಂತ ಜೋರಾಗಿ. ನೋಡಿದವರು ಗ್ರಹ ಎಂದೇ ಹೇಳುತ್ತಿದ್ದರು. ಆದರೆ ಕೆಲೋಜ್ ತಂಡ ಗೆರೆಯ ಆಕಾರ ನೋಡಿದಾಗ ವೇಗ ಬದಲಾದಂತೆಲ್ಲ ಅದೂ ಬದಲಾಗುತ್ತಿತ್ತು. ಆಗುತ್ತಿದ್ದದ್ದು ಇದು. ನಕ್ಷತ್ರ ತನ್ನ ಸುತ್ತ ತಿರುಗುವಾಗ ಅದರ ಒಂದು ಪಕ್ಕ ನಮ್ಮ ಕಡೆ ಬರುತ್ತಿರುತ್ತದೆ, ಇನ್ನೊಂದು ಪಕ್ಕ ದೂರ ಹೋಗುತ್ತಿರುತ್ತದೆ. ಬರುವ ಪಕ್ಕದಲ್ಲಿ ಒಂದು ದೊಡ್ಡ ಕಪ್ಪು ಕಲೆ ಇದ್ದರೆ ಆ ಪಕ್ಕದ ಬೆಳಕು ಕಡಿಮೆಯಾಗುತ್ತದೆ, ಗೆರೆಯ ಆ ಬದಿ ತಗ್ಗಿ, ಒಟ್ಟು ನಕ್ಷತ್ರ ದೂರ ಹೋಗುತ್ತಿರುವಂತೆ ತೋರುತ್ತದೆ. ಕಲೆ ಆಚೆ ಪಕ್ಕಕ್ಕೆ ಹೋದಾಗ ತಿರುಗಾಮುರುಗಾ. ಆ ನಕ್ಷತ್ರಕ್ಕೆ ಅಂಥ ಗ್ರಹವೇ ಇರಲಿಲ್ಲ, ಕಲೆ ಇತ್ತು.

51 ಪೆಗಾಸಿಯಲ್ಲಿ ಇದು ಸಾಧ್ಯವಿರಲಿಲ್ಲ ಎನ್ನುವುದಕ್ಕೆ ಇನ್ನೊಂದು ಸರಳ ಸಾಕ್ಷಿಯೂ ಇದೆ. ಕಲೆಯಿಂದ 4.23 ದಿನದ ಓಲಾಟ ಬರಬೇಕಾದರೆ ನಕ್ಷತ್ರ 4.23 ದಿನಕ್ಕೊಮ್ಮೆ ತಿರುಗಬೇಕು. ಅಷ್ಟು ದೊಡ್ಡ ಗೋಳ ಅಷ್ಟು ಬೇಗ ತಿರುಗಿದರೆ ಅದರ ಅಂಚು ಸೆಕೆಂಡಿಗೆ 14 ಕಿಲೋಮೀಟರ್ ಓಡುತ್ತದೆ, ಪಕ್ಕದಿಂದ ನೋಡುವವರಿಗೆ ಗೆರೆಗಳು ಅಗಲವಾಗಿ ಹರಡಿ ಕಾಣಬೇಕು. 51 ಪೆಗಾಸಿಯ ಗೆರೆಗಳು ಕಿರಿದಾಗಿವೆ. ಅದು ನಮ್ಮ ಸೂರ್ಯನ ಹಾಗೆ ನಿಧಾನವಾಗಿ ತಿರುಗುವ ಶಾಂತ ನಕ್ಷತ್ರ.

ಸಭೆಗಳಲ್ಲಿ ಎಲ್ಲರೂ ಕೇಳುವ ಪ್ರಶ್ನೆ, ಭೂಮಿಯಂಥದ್ದು ಇದರಲ್ಲಿ ಸಿಗುತ್ತಾ ಅಂತ. ಭೂಮಿ ಸೂರ್ಯನನ್ನು ಅಲ್ಲಾಡಿಸುವ ವೇಗ ಸೆಕೆಂಡಿಗೆ 9 ಸೆಂಟಿಮೀಟರ್. ಅಂಬೆಗಾಲಿಡುವ ಮಗುವಿಗಿಂತ ನಿಧಾನ, ಅದೂ ವರ್ಷಕ್ಕೊಂದೇ ಸುತ್ತು. ಯಂತ್ರಗಳು ಈಗ ಇದರ ಹತ್ತಿರಕ್ಕೆ ಬರುತ್ತಿವೆ. ಅಡ್ಡ ನಿಂತಿರುವುದು ಮೂರನೆಯ ಅನುಮಾನವೇ. ಸೂರ್ಯನ ಮೈ ಗಂಜಿಯ ಹಾಗೆ ಕೊತಕೊತ ಕುದಿಯುತ್ತಿದೆ. ಮೇಲೇಳುವ ಒಂದೊಂದು ಗುಳ್ಳೆಯೂ ಸೆಕೆಂಡಿಗೆ ಕಿಲೋಮೀಟರಿನ ಲೆಕ್ಕದಲ್ಲಿ ಏರುತ್ತದೆ. ಲಕ್ಷಾಂತರ ಗುಳ್ಳೆಗಳ ಸರಾಸರಿಯಲ್ಲಿ ಬಹುಪಾಲು ಅಳಿಸಿಹೋಗುತ್ತದೆ, ಪೂರ್ತಿ ಅಲ್ಲ. ಜೊತೆಗೆ ಇಡೀ ಮೈ ಐದು ನಿಮಿಷಕ್ಕೊಮ್ಮೆ ಉಬ್ಬಿ ಇಳಿಯುತ್ತದೆ. ಅದನ್ನು ಕಾಲು ಗಂಟೆ ಬೆಳಕು ಕೂಡಿಸಿ ಸಮ ಮಾಡಬಹುದು. ಕಲೆಗಳಿರುವ ಕಡೆ ಕುದಿತವೇ ಕಟ್ಟಿಹೋಗಿ ವೇಗ ಮೀಟರುಗಳಷ್ಟು ಬದಲಾಗುತ್ತದೆ, ಅದನ್ನು ಹಾಗೆ ಸಮ ಮಾಡಲು ಬರುವುದಿಲ್ಲ.

ಇದಕ್ಕೊಂದು ದಾರಿ ಹುಡುಕಲು ಕೆನರಿ ದ್ವೀಪಗಳ ಲಾ ಪಾಲ್ಮಾದಲ್ಲಿ 2015ರಿಂದ ಒಂದು ಕೆಲಸ ನಡೆದಿದೆ. ಅಲ್ಲಿ ಹಾರ್ಪ್ಸ್‌ನ ಜೋಡಿ ಯಂತ್ರ ಹಾರ್ಪ್ಸ್-ಎನ್ ಇದೆ, ರಾತ್ರಿ ನಕ್ಷತ್ರ ನೋಡುತ್ತದೆ. ಹಗಲು ಅದಕ್ಕೆ ಬಿಡುವು. ಆ ಬಿಡುವಿನಲ್ಲಿ ಕೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕ ಮಸೂರವೊಂದು ಸೂರ್ಯನ ಬೆಳಕನ್ನು ಒಳಗೆ ಬಿಳಿ ಬಳಿದ ಒಂದು ಟೊಳ್ಳು ಗೋಳದೊಳಕ್ಕೆ ಹಾಯಿಸುತ್ತದೆ. ಬೆಳಕು ಅದರೊಳಗೆ ಪುಟಿದು ಪುಟಿದು ಕಲಸಿಹೋಗಿ, ಸೂರ್ಯ ದೂರದ ಯಾವುದೋ ನಕ್ಷತ್ರದ ಹಾಗೆ ಒಂದು ಚುಕ್ಕಿಯಾಗಿ ಯಂತ್ರಕ್ಕೆ ತಲುಪುತ್ತಾನೆ. ಈ ಒಂದು ನಕ್ಷತ್ರದಲ್ಲಿ ಮಾತ್ರ ಯಾವ ದಿನ ಎಲ್ಲಿ ಕಲೆ ಇತ್ತು ಎಂದು ನಮಗೆ ಕಾಣುತ್ತದೆ, ಯಾವ ಗ್ರಹ ಎಷ್ಟು ಭಾರ ಎಂದೂ ಗೊತ್ತು. ಶುಕ್ರ ಸೂರ್ಯನನ್ನು ಸೆಕೆಂಡಿಗೆ ಸುಮಾರು 9 ಸೆಂಟಿಮೀಟರ್ ಎಳೆದಾಡುತ್ತದೆ, ಹೆಚ್ಚುಕಡಿಮೆ ಭೂಮಿಯಷ್ಟೇ. ಸಂಜೆ ನಾವು ಬರಿಗಣ್ಣಿನಲ್ಲಿ ನೋಡುವ ಅದೇ ಶುಕ್ರನನ್ನು ಆ ಕುದಿತದೊಳಗಿಂದ ಹೆಕ್ಕಿ ತೆಗೆಯಬಹುದೇ ಎಂದು ಅವರು ದಿನವೂ ಅಳೆಯುತ್ತಿದ್ದಾರೆ.